ಜಾತ್ರೆಯಲ್ಲಿ ಮಗು ಬವಳಿ ಬಿದ್ದರೆ: ಬೀಳುವ ಮುಂಚಿನ ಒಂದು ನಿಮಿಷದ ಮಾತು

ಮಾರ್ಚ್–ಏಪ್ರಿಲ್ ಹೊತ್ತಿಗೆ ನಂಜನಗೂಡಿನಲ್ಲಿ ದೊಡ್ಡ ಜಾತ್ರೆ. ಶ್ರೀಕಂಠೇಶ್ವರನ ಐದು ತೇರುಗಳು ಬೀದಿಗಿಳಿಯುವ ದಿನ ಜನ ನಸುಕಿನಲ್ಲೇ ಬಂದು ಜಾಗ ಹಿಡಿಯುತ್ತಾರೆ. ಭುಜಕ್ಕೆ ಭುಜ ತಾಗಿಸಿಕೊಂಡು, ಕಾಲು ಕದಲಿಸಲೂ ಆಗದಂತೆ ಗಂಟೆಗಟ್ಟಲೆ ನಿಲ್ಲುತ್ತಾರೆ. ಇಂಥ ಗುಂಪಿನಲ್ಲಿ ಹದಿಹರೆಯದ ಮಕ್ಕಳು ಬವಳಿ ಬಂದು ಬೀಳುವುದು ಅಪರೂಪವಲ್ಲ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ, ಸ್ವಾತಂತ್ರ್ಯ ದಿನದ ಪೆರೇಡಿನಲ್ಲಿ, ದರ್ಶನದ ಕ್ಯೂನಲ್ಲಿ ಆಗುವುದೂ ಇದೇ. ಹೀಗೆ ಬೀಳುವ ಬಹುಪಾಲು ಮಕ್ಕಳಿಗೆ ಯಾವ ಕಾಯಿಲೆಯೂ ಇರುವುದಿಲ್ಲ. ಎಲ್ಲೋ ಕೆಲವರಿಗೆ ಮಾತ್ರ ಆ ಬೀಳುವಿಕೆ ಹೃದಯದ ಗಂಭೀರ ದೋಷದ ಮೊದಲ ಸುಳಿವಾಗಿರುತ್ತದೆ. ಆ ಕೆಲವರನ್ನು ಗುರುತಿಸುವುದು ಹೇಗೆ?

ವಿಷಯ ತಿಳಿಯಾಗಲೆಂದು ಅಂಥ ಜಾತ್ರೆಯಲ್ಲಿ ಬಿದ್ದ ಇಬ್ಬರು ಹುಡುಗಿಯರನ್ನು ಊಹಿಸಿಕೊಳ್ಳೋಣ.

ಮೊದಲನೆಯವಳು ಹತ್ತನೇ ತರಗತಿಯವಳು. ಹರಕೆ ಇದ್ದುದರಿಂದ ಬೆಳಗಿನಿಂದ ಏನೂ ತಿಂದಿರಲಿಲ್ಲ, ನೀರನ್ನೂ ಸರಿಯಾಗಿ ಕುಡಿದಿರಲಿಲ್ಲ. ಮುಕ್ಕಾಲು ಗಂಟೆ ನಿಂತಲ್ಲೇ ನಿಂತಿದ್ದಳು. ಬಿಸಿಲೇರಿತು. ಮುಖ ಬಿಳಿಚಿಕೊಂಡು, ಬೆವರಿ, ಮೆಲ್ಲಗೆ ಪಕ್ಕದವರ ಮೇಲೆ ವಾಲಿದಳು. ಸುತ್ತಲಿನವರು ಅವಳನ್ನು ಬೀಳಗೊಡದೆ ಹಿಡಿದು ನಿಲ್ಲಿಸಿದರು. ಅವಳ ಕೈ ನಾಲ್ಕೈದು ಸಲ ಎಳೆದಂತಾಯಿತು. ಯಾರೋ "ಫಿಟ್ಸ್, ಕಬ್ಬಿಣ ಕೊಡಿ" ಎಂದು ಕೂಗಿದರು.

ಎರಡನೆಯವಳು ಹದಿನಾಲ್ಕರವಳು. ತಿಂಡಿ ತಿಂದೇ ಬಂದಿದ್ದಳು, ಬಂದು ನಿಂತು ಐದು ನಿಮಿಷವೂ ಆಗಿರಲಿಲ್ಲ. ಹಿಂದೆಯೇ ಪಟಾಕಿಯೊಂದು ಢಮಾರ್ ಎಂದಿತು. ಬೆಚ್ಚಿಬಿದ್ದ ಮರುಕ್ಷಣವೇ ಕಡಿದು ಹಾಕಿದಂತೆ ನೆಲಕ್ಕೆ ಬಿದ್ದಳು. ಕೈ ಊರಲೂ ಆಗಲಿಲ್ಲ, ಗದ್ದ ಒಡೆಯಿತು. ಅರ್ಧ ನಿಮಿಷದಲ್ಲಿ ಕಣ್ಣು ಬಿಟ್ಟು ಎದ್ದು ಕೂತಳು. "ಪಾಪ, ಹೆದರಿಕೊಂಡುಬಿಟ್ಟಿದೆ ಮಗು" ಎಂದು ಜನ ಸಮಾಧಾನ ಹೇಳಿದರು.

ಗುಂಪಿಗೆ ಗಾಬರಿಯಾದದ್ದು ಮೊದಲನೆಯವಳನ್ನು ಕಂಡು. ವೈದ್ಯರಿಗೆ ಚಿಂತೆ ಹುಟ್ಟಿಸುವವಳು ಎರಡನೆಯವಳು.

ನಿಂತವರು ಯಾಕೆ ಬೀಳುತ್ತಾರೆ

ನಾವು ಎದ್ದು ನಿಂತ ಕೂಡಲೇ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಎದೆಯ ಭಾಗದಿಂದ ಹೊಟ್ಟೆ, ತೊಡೆ, ಕಾಲುಗಳ ಕಡೆಗೆ ಇಳಿಯುತ್ತದೆ. ಅದನ್ನು ಮತ್ತೆ ಮೇಲಕ್ಕೆ ತರುವುದಕ್ಕೆ ದೇಹದಲ್ಲಿ ಎರಡು ವ್ಯವಸ್ಥೆಗಳಿವೆ. ಒಂದು, ರಕ್ತನಾಳಗಳು ಬಿಗಿಯಾಗಿ ರಕ್ತದ ಒತ್ತಡವನ್ನು ಹಿಡಿದಿಡುತ್ತವೆ. ಇನ್ನೊಂದು, ನಡೆದಾಡುವಾಗ ಮೀನಖಂಡದ ಸ್ನಾಯುಗಳು ಬೋರ್‌ವೆಲ್ಲಿನ ಕೈಪಂಪಿನಂತೆ ಹೆಜ್ಜೆ ಹೆಜ್ಜೆಗೂ ರಕ್ತವನ್ನು ಮೇಲಕ್ಕೊತ್ತುತ್ತವೆ. ಕಿಕ್ಕಿರಿದ ಗುಂಪಿನಲ್ಲಿ ಕಾಲು ಆಡುವುದಿಲ್ಲ, ಆದ್ದರಿಂದ ಎರಡನೆಯ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಬಿಸಿಲಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಬೆವರಿ ನೀರು ಹೋಗಿರುತ್ತದೆ. ಉಪವಾಸವಿದ್ದರಂತೂ ಕೇಳುವುದೇ ಬೇಡ.

ಹೃದಯಕ್ಕೆ ಮರಳುವ ರಕ್ತ ಕಡಿಮೆಯಾದಂತೆ ಅದು ಸ್ವಲ್ಪ ಹೊತ್ತು ವೇಗವಾಗಿ ಬಡಿದು ನಿಭಾಯಿಸುತ್ತದೆ. ಕೆಲವರಲ್ಲಿ, ಅದರಲ್ಲೂ ಹದಿಹರೆಯದವರಲ್ಲಿ, ಒಂದು ಹಂತ ದಾಟಿದ ಮೇಲೆ ನರವ್ಯವಸ್ಥೆ ತಟ್ಟನೆ ದಿಕ್ಕು ಬದಲಿಸುತ್ತದೆ. ರಕ್ತನಾಳಗಳನ್ನು ಬಿಗಿಹಿಡಿದಿದ್ದ ನರಗಳು ಸುಮ್ಮನಾಗುತ್ತವೆ. ಹೃದಯದ ವೇಗಕ್ಕೆ ಕಡಿವಾಣ ಹಾಕುವ ವೇಗಸ್ ಎಂಬ ನರ ಚುರುಕಾಗುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ನಾಡಿ ನಿಧಾನವಾಗುತ್ತದೆ. ಮಿದುಳಿಗೆ ಕೆಲವೇ ಸೆಕೆಂಡು ಸಾಕಷ್ಟು ರಕ್ತ ಹೋಗದಿದ್ದರೂ ಎಚ್ಚರ ತಪ್ಪುತ್ತದೆ. ವೈದ್ಯರು ಇದನ್ನು ವೇಸೋವೇಗಲ್ ಸಿಂಕೋಪ್ ಎನ್ನುತ್ತಾರೆ. ರಕ್ತ ಕಂಡಾಗ, ಸೂಜಿ ಚುಚ್ಚಿಸಿಕೊಂಡಾಗ, ತುಂಬಾ ನೋವಾದಾಗ ಕೆಲವರು ಬೀಳುವುದೂ ಇದೇ ಕಾರಣಕ್ಕೆ.

ನೆಲಕ್ಕೆ ಬಿದ್ದು ದೇಹ ಅಡ್ಡವಾದ ಕೂಡಲೇ ಕಾಲಿನ ರಕ್ತ ಹೃದಯಕ್ಕೆ ಹರಿದು ಬರುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಎಚ್ಚರ ಮರಳುತ್ತದೆ. ಮೊದಲ ಹುಡುಗಿಯನ್ನು ಜನ ಒಳ್ಳೆಯ ಮನಸ್ಸಿನಿಂದಲೇ ಹಿಡಿದು ನಿಲ್ಲಿಸಿದರು, ಆದರೆ ಅದರಿಂದ ಆಗಬೇಕಾಗಿದ್ದ ಉಪಕಾರ ತಪ್ಪಿತು. ತಲೆ ಮೇಲೆಯೇ ಇದ್ದುದರಿಂದ ಮಿದುಳಿಗೆ ರಕ್ತ ತಲುಪುವುದು ಮತ್ತೂ ತಡವಾಯಿತು, ಕೈ ಎಳೆಯಿತು. ಇದು ಫಿಟ್ಸ್ ಅಲ್ಲ. ಬವಳಿಯಲ್ಲೂ ಕೆಲವು ಸೆಕೆಂಡು ಕೈಕಾಲು ಅದುರಬಹುದು. ಫಿಟ್ಸ್ ಆದರೆ ಎಳೆತ ಹೆಚ್ಚಾಗಿ ಒಂದು ನಿಮಿಷವೋ ಅದಕ್ಕಿಂತ ಹೆಚ್ಚೋ ಇರುತ್ತದೆ, ನಾಲಿಗೆಯ ಅಂಚು ಕಚ್ಚಿಕೊಂಡಿರಬಹುದು, ಎದ್ದ ಮೇಲೂ ಬಹಳ ಹೊತ್ತು ತಾನೆಲ್ಲಿದ್ದೇನೆಂದು ತಿಳಿಯದ ಮಂಕು ಕವಿದಿರುತ್ತದೆ. ಬವಳಿ ಬಂದವರಿಗೆ ಸುಸ್ತು ಉಳಿಯುತ್ತದೆ, ಮಂಕು ಉಳಿಯುವುದಿಲ್ಲ. ಕಣ್ಣು ಬಿಟ್ಟ ಕೂಡಲೇ ತಾಯಿಯ ಗುರುತು ಹಿಡಿಯುತ್ತಾರೆ.

ವೈದ್ಯರು ಕೇಳುವ ಪ್ರಶ್ನೆಗಳು

ಇಬ್ಬರೂ ತಾಲ್ಲೂಕು ಆಸ್ಪತ್ರೆಗೆ ಬಂದರು ಎಂದುಕೊಳ್ಳಿ. ಅಷ್ಟು ಹೊತ್ತಿಗೆ ಇಬ್ಬರ ನಾಡಿಯೂ ಸರಿಯಾಗಿರುತ್ತದೆ, ರಕ್ತದೊತ್ತಡವೂ ಸರಿಯಾಗಿರುತ್ತದೆ. ಮುಟ್ಟಿ ನೋಡಿದರೆ ವ್ಯತ್ಯಾಸವೇ ತಿಳಿಯದು. ವ್ಯತ್ಯಾಸ ಇರುವುದು ನಡೆದದ್ದರ ವಿವರದಲ್ಲಿ. ಅದಕ್ಕೇ ಅನುಭವಿ ವೈದ್ಯರು ಯಂತ್ರದ ಹತ್ತಿರ ಹೋಗುವ ಮುಂಚೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

"ಬೀಳೋದಕ್ಕೆ ಮುಂಚೆ ಏನನ್ನಿಸ್ತು, ನೀನೇ ಹೇಳಮ್ಮ."

"ಹೊಟ್ಟೆ ತೊಳಸಿದಂಗಾಯ್ತು ಸಾರ್. ಮೈಯೆಲ್ಲ ಬಿಸಿಯಾಗಿ ಬೆವರು ಬಂತು. ಕಿವಿ ಗುಂಯ್ ಅಂತು. ಎದುರಿಗಿದ್ದ ಜನ ಎಲ್ಲ ಮಸುಕಾದ್ರು, ಆಮೇಲೆ ಕಣ್ಣು ಕತ್ತಲೆ ಬಂತು."

ಮೊದಲ ಹುಡುಗಿಯ ಈ ಉತ್ತರದಲ್ಲೇ ಮುಕ್ಕಾಲು ಪಾಲು ರೋಗನಿರ್ಣಯ ಮುಗಿಯಿತು. ಬಹಳ ಹೊತ್ತು ನಿಂತಿದ್ದು, ಸೆಕೆ, ಹಸಿವು, ಹೊಟ್ಟೆ ತೊಳಸುವುದು, ಬೆವರು, ಕಣ್ಣು ಮಸುಕಾಗುವುದು, ಮೆಲ್ಲಗೆ ವಾಲುವುದು, ಬೇಗ ಚೇತರಿಸಿಕೊಳ್ಳುವುದು: ಎಲ್ಲವೂ ವೇಸೋವೇಗಲ್ ಬವಳಿಯ ಲಕ್ಷಣಗಳೇ.

ಎರಡನೆಯವಳನ್ನು ಅದೇ ಪ್ರಶ್ನೆ ಕೇಳಿದಾಗ ಉತ್ತರ ಬೇರೆ. "ಏನೂ ಗೊತ್ತಾಗ್ಲಿಲ್ಲ ಸಾರ್. ಪಟಾಕಿ ಸದ್ದು ಕೇಳಿಸ್ತು. ಕಣ್ಣು ಬಿಟ್ರೆ ನೆಲದ ಮೇಲಿದ್ದೆ."

ಮುನ್ಸೂಚನೆಯೇ ಇಲ್ಲ. ಗದ್ದ ಒಡೆದಿರುವುದೂ ಅದನ್ನೇ ಹೇಳುತ್ತದೆ. ಬೀಳುತ್ತಿದ್ದೇನೆ ಎಂದು ತಿಳಿದವರು ಕೈ ಊರುತ್ತಾರೆ. ವೈದ್ಯರು ತಾಯಿಯ ಕಡೆ ತಿರುಗಿ ಮತ್ತೂ ಕೇಳುತ್ತಾರೆ. ಇದಕ್ಕೆ ಮುಂಚೆ ಹೀಗಾಗಿತ್ತೇ? "ಹೋದ ವರ್ಷ ಬೆಳಿಗ್ಗೆ ಅಲಾರಂ ಹೊಡೆದಾಗ ಎದ್ದು ಕೂತವಳು ಹಾಗೇ ಮಂಚದ ಮೇಲೆ ಬಿದ್ದಿದ್ಲು ಸಾರ್, ನಿದ್ದೆಗಣ್ಣು ಅಂದ್ಕೊಂಡ್ವಿ." ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ತಾಯಿ ಸ್ವಲ್ಪ ಹೊತ್ತು ಯೋಚಿಸಿ ಹೇಳುತ್ತಾಳೆ: "ನನ್ನ ತಂಗಿ. ಮಗು ಹುಟ್ಟಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ನೋಡಿದ್ರೆ ಉಸಿರಿರಲಿಲ್ಲ. ಬಾಣಂತಿ ಸನ್ನಿ ಅಂದ್ರು."

ಮೂರು ಸಂಗತಿಗಳು ಒಂದೇ ಕಡೆ ಬೆರಳು ಮಾಡುತ್ತವೆ: ಹಠಾತ್ ಸದ್ದಿಗೆ ಬಿದ್ದದ್ದು, ಹಿಂದೊಮ್ಮೆ ಅಲಾರಂ ಸದ್ದಿಗೆ ಬಿದ್ದದ್ದು, ಮನೆತನದಲ್ಲಿ ಕಾರಣ ತಿಳಿಯದ ಎಳೆ ಸಾವು. ಹೆದರಿಕೆಯಿಂದಲೂ ಸಾಮಾನ್ಯ ಬವಳಿ ಬರಬಹುದು ನಿಜ. ಆದರೆ ಇಷ್ಟು ಕೂಡಿಬಂದಾಗ "ಹೆದರಿಕೊಂಡಿದ್ದಾಳೆ" ಎಂದು ಮನೆಗೆ ಕಳಿಸುವಂತಿಲ್ಲ.

ಒಂದು ಹಾಳೆ ಇಸಿಜಿ

ಪ್ರಜ್ಞೆ ತಪ್ಪಿದ ಪ್ರತಿ ಮಗುವಿಗೂ ಒಂದು ಇಸಿಜಿ ಆಗಬೇಕು, ಮೊದಲ ಹುಡುಗಿಗೂ ಸಹ. ಅದು ನೋವಿಲ್ಲದ, ಕೆಲವೇ ನಿಮಿಷದ ಪರೀಕ್ಷೆ. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಎದೆಗೆ, ಕೈಕಾಲಿಗೆ ತಂತಿ ಅಂಟಿಸಿ ಹೃದಯದ ವಿದ್ಯುತ್ ಚಲನೆಯನ್ನು ಕಾಗದದ ಮೇಲೆ ಇಳಿಸುತ್ತಾರೆ. ಮೊದಲ ಹುಡುಗಿಯದು ಸರಿಯಾಗಿದೆ. ಅವಳಿಗೆ ಇನ್ನು ಬೇಕಾದದ್ದು ಮಲಗಿಸಿ, ನಿಲ್ಲಿಸಿ ರಕ್ತದೊತ್ತಡ ನೋಡುವುದು, ಮುಟ್ಟು ಜಾಸ್ತಿ ಹೋಗುತ್ತಿದ್ದರೆ ಹಿಮೋಗ್ಲೋಬಿನ್ ನೋಡುವುದು, ಅಷ್ಟೇ. ತಲೆಯ ಸಿಟಿ ಸ್ಕ್ಯಾನ್, ಇಇಜಿ ಇವಳಿಗೆ ಬೇಡ. ಇಇಜಿಯಲ್ಲಿ ಆರೋಗ್ಯವಂತ ಮಕ್ಕಳಲ್ಲೂ ಒಮ್ಮೊಮ್ಮೆ ಸಣ್ಣಪುಟ್ಟ ಏರುಪೇರು ಕಾಣುತ್ತದೆ. ಅದನ್ನೇ ನಂಬಿ ಫಿಟ್ಸ್ ಎಂದು ಹಣೆಪಟ್ಟಿ ಹಚ್ಚಿದರೆ ಮಗು ವರ್ಷಗಟ್ಟಲೆ ಬೇಡದ ಮಾತ್ರೆ ನುಂಗಬೇಕಾಗುತ್ತದೆ.

ಎರಡನೆಯವಳ ಕಾಗದದಲ್ಲಿ ವೈದ್ಯರು ಒಂದು ಅಳತೆಯನ್ನು ಕೈಯಾರೆ ಮಾಡುತ್ತಾರೆ. ಪ್ರತಿ ಬಡಿತಕ್ಕೂ ಹೃದಯದ ಸ್ನಾಯು ವಿದ್ಯುತ್ತಿನಿಂದ ಕೆರಳಿ, ಮತ್ತೆ ಮುಂದಿನ ಬಡಿತಕ್ಕೆ ಅಣಿಯಾಗುತ್ತದೆ. ಈ ಪೂರಾ ಅವಧಿಗೆ ಕ್ಯೂಟಿ ಎಂದು ಹೆಸರು. ನಾಡಿ ವೇಗವಾದಷ್ಟೂ ಅದು ಕುಗ್ಗುವುದರಿಂದ ನಾಡಿಗೆ ತಕ್ಕಂತೆ ಸರಿಪಡಿಸಿ ನೋಡಬೇಕು. 1920ರಲ್ಲಿ ಬ್ಯಾಜೆಟ್ ಎಂಬ ವೈದ್ಯ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ:

QTc = QT ÷ √RR

ಇವಳ ಕ್ಯೂಟಿ 440 ಮಿಲಿಸೆಕೆಂಡ್. ನಾಡಿ ನಿಮಿಷಕ್ಕೆ 74, ಅಂದರೆ ಎರಡು ಬಡಿತಗಳ ನಡುವೆ 0.81 ಸೆಕೆಂಡ್. ಅದರ ವರ್ಗಮೂಲ 0.9. ಭಾಗಿಸಿದರೆ ಸುಮಾರು 489. ಹದಿಹರೆಯದವರಲ್ಲಿ ಇದು 460 ದಾಟಿದರೆ ಅನುಮಾನ, 480 ದಾಟಿದರೆ ಬಲವಾದ ಅನುಮಾನ. ಯಂತ್ರ ತಾನೇ ಮುದ್ರಿಸುವ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅಲೆಯ ಕೊನೆ ಎಲ್ಲಿ ಎಂಬುದನ್ನು ಯಂತ್ರ ತಪ್ಪಾಗಿ ಹಿಡಿಯುವುದುಂಟು. ಒಂದೇ ಇಸಿಜಿಯಲ್ಲಿ ತೀರ್ಪು ಕೊಡದೆ, ಬೇರೆ ದಿನ ಇನ್ನೊಮ್ಮೆ ತೆಗೆಯುವುದೂ ವಾಡಿಕೆ.

ಈ ದೋಷದ ಹೆಸರು ಲಾಂಗ್ ಕ್ಯೂಟಿ ಸಿಂಡ್ರೋಮ್. ಸುಮಾರು 2000 ಜನರಲ್ಲಿ ಒಬ್ಬರಿಗೆ ಇರುತ್ತದೆ. ಹೃದಯದ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಹೋಗುವ ದಾರಿ ಹುಟ್ಟಿನಿಂದಲೇ ಸರಿಯಿಲ್ಲದೆ ಸ್ನಾಯು ಅಣಿಯಾಗುವುದು ತಡವಾಗುತ್ತದೆ. ಆ ಹೊತ್ತಿನಲ್ಲಿ ಬೆಚ್ಚಿಬಿದ್ದು ಅಡ್ರಿನಲಿನ್ ನುಗ್ಗಿದರೆ ಬಡಿತದ ಲಯ ಕೆಟ್ಟು ಹೃದಯ ಬರಿದೇ ಅದುರತೊಡಗುತ್ತದೆ, ರಕ್ತ ಮುಂದಕ್ಕೆ ಹೋಗುವುದಿಲ್ಲ. ಲಯ ತಾನಾಗಿಯೇ ಸರಿಹೋದರೆ ಮಗು ಎದ್ದು ಕೂರುತ್ತದೆ. ಸರಿಹೋಗದಿದ್ದರೆ ಅದೇ ಹಠಾತ್ ಸಾವು. ಇದರಲ್ಲಿ ಕೆಲವು ಬಗೆಗಳಿವೆ. ಒಂದು ಬಗೆಯವರಿಗೆ ಓಟ, ಅದರಲ್ಲೂ ಈಜು ಅಪಾಯಕಾರಿ. ಇನ್ನೊಂದು ಬಗೆಯವರಿಗೆ ಫೋನಿನ ರಿಂಗು, ಅಲಾರಂ, ಪಟಾಕಿಯಂಥ ಹಠಾತ್ ಸದ್ದು. ಈ ಎರಡನೆಯ ಬಗೆಯಲ್ಲಿ ಹೆರಿಗೆಯಾದ ಮೇಲಿನ ತಿಂಗಳುಗಳೂ ಅಪಾಯದವೇ. ಚಿಕ್ಕಮ್ಮನ ಸಾವಿಗೂ ಇದೇ ಕಾರಣವಾಗಿದ್ದಿರಬಹುದು ಎಂಬ ಅನುಮಾನ ಆಗ ಹುಟ್ಟುತ್ತದೆ.

ಕಾಯಿಲೆ ಗುರುತಿಸಿದರೆ ದಾರಿ ಇದೆ. ಪ್ರೊಪ್ರನೊಲಾಲ್, ನಾಡೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಯನ್ನು ದಿನವೂ ತಪ್ಪದೆ ತೆಗೆದುಕೊಳ್ಳಬೇಕು. ಅಲಾರಂ ಇಟ್ಟು ಏಳುವುದನ್ನು ಬಿಡಬೇಕು. ಅಜಿಥ್ರೊಮೈಸಿನ್, ಡೊಂಪೆರಿಡೋನ್, ಒಂಡಾನ್ಸೆಟ್ರಾನ್‌ನಂತೆ ಕೆಮ್ಮಿಗೋ ವಾಂತಿಗೋ ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವ ಕೆಲವು ಔಷಧಗಳು ಕ್ಯೂಟಿಯನ್ನು ಇನ್ನೂ ಹಿಗ್ಗಿಸುತ್ತವೆ, ಅವನ್ನು ದೂರವಿಡಬೇಕು. ವಾಂತಿಭೇದಿಯಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು, ಏಕೆಂದರೆ ಪೊಟ್ಯಾಸಿಯಂ ಇಳಿದರೆ ಅಪಾಯ ಹೆಚ್ಚುತ್ತದೆ. ಮಾತ್ರೆಯಷ್ಟೇ ಸಾಲದ ಕೆಲವರಿಗೆ ಎದೆಯೊಳಗೆ ಡಿಫಿಬ್ರಿಲೇಟರ್ ಅಳವಡಿಸುತ್ತಾರೆ. ಈ ದೋಷ ಸಾಮಾನ್ಯವಾಗಿ ತಂದೆ ಅಥವಾ ತಾಯಿಯಿಂದ ಬರುವಂಥದ್ದು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿಯರೆಲ್ಲರಿಗೂ ಇಸಿಜಿ ಆಗಬೇಕು. ಆ ತಂಗಿ ಬಿಟ್ಟುಹೋದ ಮಗುವಿಗೂ ಆಗಬೇಕು.

ಇಸಿಜಿ ಸರಿ ಇದ್ದರೂ ಸಾಲದ ಹೊತ್ತು

ಓಡುವಾಗ, ಕಬಡ್ಡಿ ಆಡುವಾಗ, ಈಜುವಾಗ ಮಗು ಪ್ರಜ್ಞೆ ತಪ್ಪಿದರೆ ಲೆಕ್ಕವೇ ಬೇರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಓಟ ಮುಗಿಸಿ ಗಕ್ಕನೆ ನಿಂತ ಮೇಲೆ ತಲೆ ಸುತ್ತಿ ಬೀಳುವುದು ಬಹಳ ಸಲ ಸಾಮಾನ್ಯ ಬವಳಿಯೇ, ಕಾಲಿನ ಸ್ನಾಯುಗಳ ಕೆಲಸ ನಿಂತದ್ದರಿಂದ ಆಗುವಂಥದ್ದು. ಓಡುತ್ತಿರುವಾಗಲೇ, ಹೆಜ್ಜೆಯ ನಡುವೆಯೇ ಕುಸಿಯುವುದು ಹೃದಯದ ಕಡೆಗೆ ಬೆರಳು ತೋರುತ್ತದೆ. ಹೃದಯದ ಗೋಡೆ ದಪ್ಪವಾಗುವ ಕಾಯಿಲೆ, ಕವಾಟ ಕಿರಿದಾಗಿರುವುದು, ಹೃದಯಕ್ಕೇ ರಕ್ತ ಕೊಡುವ ನಾಳ ತಪ್ಪಾದ ಜಾಗದಿಂದ ಹುಟ್ಟಿರುವುದು ಇದಕ್ಕೆ ಕಾರಣವಾಗಬಹುದು. ಇವನ್ನು ನೋಡಲು ಎಕೋ ಸ್ಕ್ಯಾನ್ ಬೇಕು. ಅಡ್ರಿನಲಿನ್ ಏರಿದಾಗ ಮಾತ್ರ ಲಯ ಕೆಡುವ ಇನ್ನೊಂದು ದೋಷವಿದೆ, ಅಂಥವರು ಮಲಗಿದ್ದಾಗ ತೆಗೆದ ಇಸಿಜಿ ಪೂರ್ತಿ ಸರಿಯಾಗಿಯೇ ಇರುತ್ತದೆ. ಅದನ್ನು ಹಿಡಿಯಲು ವೈದ್ಯರ ಕಣ್ಗಾವಲಿನಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಬೇಕು. "ಇಸಿಜಿ ನಾರ್ಮಲ್ ಬಂದಿದೆ" ಎಂಬ ಒಂದೇ ಮಾತಿನ ಮೇಲೆ ಆ ಮಗುವನ್ನು ಮತ್ತೆ ಮೈದಾನಕ್ಕೆ ಇಳಿಸಬಾರದು.

ಬೀಳುವ ಮುಂಚೆ ಎದೆ ಡವಡವ ಹೊಡೆದುಕೊಂಡಿದ್ದರೆ ಅಥವಾ ಎದೆ ನೋವು ಬಂದಿದ್ದರೆ, ಮಲಗಿದ್ದಾಗಲೇ ಪ್ರಜ್ಞೆ ತಪ್ಪಿದ್ದರೆ, ಹೃದಯದ ಕಾಯಿಲೆ ಮೊದಲೇ ಇದ್ದರೆ, ಹತ್ತಿರದ ರಕ್ತಸಂಬಂಧಿಗಳು ನಲವತ್ತರೊಳಗೆ ಹಠಾತ್ತನೆ ತೀರಿಕೊಂಡಿದ್ದರೆ ಹೃದ್ರೋಗ ತಜ್ಞರನ್ನು ಕಾಣಲೇಬೇಕು. ಈಜು ಬಲ್ಲ ಹುಡುಗ ಕೆರೆಯಲ್ಲಿ ಮುಳುಗಿ ಸತ್ತ ಕತೆ ಮನೆತನದಲ್ಲಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಹುಟ್ಟುಕಿವುಡಿರುವ ಮಗು ಪ್ರಜ್ಞೆ ತಪ್ಪಿದರೆ ಕ್ಯೂಟಿ ನೋಡಲೇಬೇಕು, ಎರಡೂ ಒಟ್ಟಿಗೆ ಬರುವ ಅಪರೂಪದ ಬಗೆಯೊಂದಿದೆ. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ತಜ್ಞರು ಸಿಗುತ್ತಾರೆ.

ಪಕ್ಕದಲ್ಲಿದ್ದವರು ಮಾಡಬೇಕಾದದ್ದು

ಕಣ್ಣೆದುರು ಮಗು ಬಿದ್ದರೆ ಎತ್ತಿ ನಿಲ್ಲಿಸಬೇಡಿ, ಕುರ್ಚಿಯಲ್ಲಿ ಕೂರಿಸಬೇಡಿ. ನಾಲ್ಕು ಜನ ಕೈಕೈ ಹಿಡಿದು ಸುತ್ತ ಜಾಗ ಮಾಡಿ, ಇಲ್ಲವೇ ಅಡ್ಡವಾಗಿ ಹೊತ್ತು ಗುಂಪಿನಿಂದಾಚೆ ನೆರಳಿಗೆ ತನ್ನಿ. ಅಂಗಾತ ಮಲಗಿಸಿ ಕಾಲನ್ನು ಒಂದಡಿ ಎತ್ತರಿಸಿ. ಉಸಿರಾಡುತ್ತಿದೆಯೇ ನೋಡಿ. ಎಚ್ಚರವಿಲ್ಲದ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಕೈಗೆ ಕಬ್ಬಿಣ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಉಪಯೋಗವಿಲ್ಲ. ಎಚ್ಚರವಾದ ಮೇಲೂ ಹತ್ತು ಹದಿನೈದು ನಿಮಿಷ ಮಲಗಿರಲಿ. ತಕ್ಷಣ ಎದ್ದವರು ಮತ್ತೆ ಬೀಳುತ್ತಾರೆ.

ಒಂದು ನಿಮಿಷವಾದರೂ ಎಚ್ಚರವಾಗದಿದ್ದರೆ 108ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರು ಎಳೆಯುತ್ತಿದ್ದರೆ, ನಿಮಿಷ ಕಾಯಬೇಡಿ. ಕೂಡಲೇ ಎದೆಯ ನಡುವೆ ಎರಡೂ ಕೈ ಇಟ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಾ ಇರಿ. ಮೈ ಕಾದ ಹಂಚಿನಂತೆ ಸುಡುತ್ತಿದ್ದು, ಎಚ್ಚರವಾದರೂ ಏನೇನೋ ಬಡಬಡಿಸುತ್ತಿದ್ದರೆ ಅದು ಬಿಸಿಲಾಘಾತ. ಮೈಗೆ ನೀರು ಸುರಿದು ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಮೊದಲ ಹುಡುಗಿಗೆ ಹೇಳಬೇಕಾದ ಮಾತು

ಅವಳಿಗೆ ಮಾತ್ರೆ ಬೇಡ. ದಿನಕ್ಕೆ ಎರಡು ಲೀಟರಿಗೂ ಮಿಗಿಲಾಗಿ ನೀರು ಕುಡಿಯಬೇಕು. ರಕ್ತದೊತ್ತಡ ಹೆಚ್ಚಿಲ್ಲದಿದ್ದರೆ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಬಹಳ ಹೊತ್ತು ನಿಲ್ಲಬೇಕಾದ ದಿನ ಬೆಳಗಿನ ತಿಂಡಿ ತಪ್ಪಿಸಬಾರದು. ಹರಕೆಯ ಉಪವಾಸವಿದ್ದರೆ ಕೂತು ನೋಡುವ ಜಾಗ ಹುಡುಕಬೇಕು. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಬೇಕು.

ಹೊಟ್ಟೆ ತೊಳಸಿ ಕಣ್ಣು ಮಸುಕಾಗತೊಡಗಿದರೆ ಆ ಕೆಲವು ಸೆಕೆಂಡುಗಳೇ ಅವಳ ಕೈಯಲ್ಲಿರುವ ಅವಕಾಶ. ಒಂದು ಕಾಲಿನ ಮೇಲೊಂದು ಕಾಲು ಕತ್ತರಿ ಹಾಕಿ ತೊಡೆಗಳನ್ನು ಬಲವಾಗಿ ಬಿಗಿಯಬೇಕು, ಇಲ್ಲವೇ ಎರಡೂ ಕೈಬೆರಳುಗಳನ್ನು ಕೊಂಡಿ ಹಾಕಿ ಜೋರಾಗಿ ಹೊರಗೆಳೆಯಬೇಕು. ಸ್ನಾಯು ಬಿಗಿದಾಗ ರಕ್ತದೊತ್ತಡ ಏರುತ್ತದೆ, ಬವಳಿ ತಪ್ಪುತ್ತದೆ ಅಥವಾ ಕೂರುವಷ್ಟು ಸಮಯ ಸಿಗುತ್ತದೆ. ಆಮೇಲೆ ನಾಚಿಕೆಪಡದೆ ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತುಬಿಡಬೇಕು. ಪ್ರಾರ್ಥನೆಯ ಸಾಲಿನಲ್ಲಿ ಹೀಗೆ ಕೂತ ಮಗುವನ್ನು ಗದರಿಸಿ ಎಬ್ಬಿಸಬೇಡಿ ಎಂದು ಶಿಕ್ಷಕರಲ್ಲಿ ವಿನಂತಿ.

ತಂದೆತಾಯಿಯರಲ್ಲಿ ಕೇಳುವುದು ಮೂರೇ. ಮಗು ಪ್ರಜ್ಞೆ ತಪ್ಪಿದ ದಿನವೇ, ಬೀಳುವ ಮುಂಚಿನ ನಿಮಿಷದಲ್ಲಿ ಏನಾಯಿತೆಂಬುದನ್ನು ಮಗುವಿನಿಂದಲೂ ಕಂಡವರಿಂದಲೂ ಕೇಳಿ ಬರೆದಿಡಿ. ಯಾರಾದರೂ ಫೋನಿನಲ್ಲಿ ಚಿತ್ರೀಕರಿಸಿದ್ದರೆ ಅದನ್ನು ತರಿಸಿಕೊಳ್ಳಿ. ಎಷ್ಟೇ ಸಾಮಾನ್ಯವೆನಿಸಿದರೂ ಒಮ್ಮೆ ಇಸಿಜಿ ಮಾಡಿಸಿ. ಓಡುವಾಗಲೋ ಈಜುವಾಗಲೋ ಬೆಚ್ಚಿಬಿದ್ದಾಗಲೋ ಮುನ್ಸೂಚನೆಯಿಲ್ಲದೆ ಬಿದ್ದ ಮಗುವನ್ನು ಹೃದ್ರೋಗ ತಜ್ಞರು ನೋಡಿ ಒಪ್ಪಿಗೆ ಕೊಡುವವರೆಗೆ ಆಟಕ್ಕೂ ನೀರಿಗೂ ಇಳಿಸಬೇಡಿ.